ಪ್ಯಾಸೇಜ್‌ನಲ್ಲಿ ಎಲ್ಲಿದೆ ಮಾಮ?

ಸಿವಿಲ್ ಕೇಸುಗಳನ್ನು ನಡೆಸುತ್ತಾ ಇಪ್ಪತ್ತು ವರ್ಷ ಆಯಿತು. ಮೊನ್ನೆ ಭಾನುವಾರ ಅಕ್ಕನ ಮಗಳ ಎದುರು ಒಂದು ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟು ಕೂತಿದ್ದೆ. ಅದೂ ಕಾಂಟ್ರಾಕ್ಟ್ ಕಾನೂನಿನ ಮೇಲೆ!

ಅವಳು ಕಾನೂನು ಕಾಲೇಜು ಸೇರುವ ಪ್ರವೇಶ ಪರೀಕ್ಷೆ ಕ್ಲಾಟ್‌ಗೆ ಓದುತ್ತಿದ್ದಾಳೆ. 120 ಪ್ರಶ್ನೆ, 120 ನಿಮಿಷ, ಒಂದು ತಪ್ಪಿಗೆ 0.25 ಅಂಕ ಖೋತಾ. ಮಾಕ್ ಟೆಸ್ಟ್‌ನ ಲೀಗಲ್ ರೀಸನಿಂಗ್ ಭಾಗ ತಂದು, 'ಇದೊಂದು ನೋಡಿ ಮಾಮ' ಅಂದಳು.

ಪ್ಯಾಸೇಜ್ ಮೈನರ್‌ಗಳ ಒಪ್ಪಂದದ ಬಗ್ಗೆ ಇತ್ತು. ಸಾರ ಇಷ್ಟೇ: 18 ತುಂಬದವರ ಒಪ್ಪಂದ ಮೊದಲಿನಿಂದಲೂ ಅಸಿಂಧು. ವಯಸ್ಸಿನ ಬಗ್ಗೆ ಸುಳ್ಳು ಹೇಳಿ ವಸ್ತು ಪಡೆದಿದ್ದರೆ, ಅದೇ ವಸ್ತು ಇನ್ನೂ ಅವನ ಕೈಯಲ್ಲಿದ್ದರೆ ಮಾತ್ರ ವಾಪಸ್ ಕೊಡಬೇಕು. ಪ್ರಶ್ನೆಯಲ್ಲಿ ಹದಿನೇಳರ ಹುಡುಗನೊಬ್ಬ ತನಗೆ ಹತ್ತೊಂಬತ್ತು ಅಂತ ಹೇಳಿ ಸಾಲಕ್ಕೆ ಕ್ಯಾಮೆರಾ ಕೊಂಡ. ಅದನ್ನು ಗೆಳೆಯನಿಗೆ ಮಾರಿ ದುಡ್ಡು ಖರ್ಚು ಮಾಡಿದ. ಅಂಗಡಿಯವನು ಹುಡುಗನ ಮೇಲೆ ಹಣಕ್ಕೆ ಕೇಸು ಹಾಕಿದ. ಏನು ಸಿಗುತ್ತದೆ?

ನಾನು ಯೋಚಿಸಲೂ ಇಲ್ಲ. 'ಹುಡುಗನಿಗೆ ಆದ ಲಾಭದ ಮಟ್ಟಿಗೆ ಕೋರ್ಟ್ ವಾಪಸ್ ಕೊಡಿಸಬಹುದು' ಅನ್ನುವ ಆಯ್ಕೆಗೆ ಬೆರಳಿಟ್ಟೆ. 1963ರ ಸ್ಪೆಸಿಫಿಕ್ ರಿಲೀಫ್ ಆಕ್ಟ್, ಸೆಕ್ಷನ್ 33 ಅಂತ ಸಣ್ಣ ಭಾಷಣವನ್ನೂ ಬಿಗಿದೆ. ಅವಳು ಪೂರ್ತಿ ಕೇಳಿದಳು. ಆಮೇಲೆ ಹಾಳೆಯನ್ನು ನನ್ನ ಕಡೆ ತಿರುಗಿಸಿದಳು.

'ಪ್ಯಾಸೇಜ್‌ನಲ್ಲಿ ಎಲ್ಲಿದೆ ಮಾಮ?'

ಇರಲಿಲ್ಲ. ಪ್ಯಾಸೇಜ್ ಪ್ರಕಾರ ಕ್ಯಾಮೆರಾ ಹುಡುಗನ ಕೈಯಲ್ಲಿಲ್ಲ, ಹಾಗಾಗಿ ಅಂಗಡಿಯವನಿಗೆ ಅವನಿಂದ ಏನೂ ಇಲ್ಲ. ಅಷ್ಟೇ ಉತ್ತರ. ನಾನು ಹೇಳಿದ ಸೆಕ್ಷನ್ ನಿಜವೇ. ಆದರೆ ನನಗೆ ಗೊತ್ತಿದ್ದದ್ದೇ ನನ್ನನ್ನು ಬೀಳಿಸಿತ್ತು. ಇನ್ನೊಂದು ಆಯ್ಕೆ, 'ಸುಳ್ಳು ಹೇಳಿದ್ದಕ್ಕೆ ಪೂರ್ತಿ ಬೆಲೆ ಕಟ್ಟಬೇಕು' ಅನ್ನುವುದು, ಕೋಪ ಬಂದವರಿಗೆ ಇಟ್ಟ ಬಲೆ. ಅವಳು ಮೊದಲ ಸಲ ಅದಕ್ಕೆ ಬಿದ್ದಿದ್ದಳಂತೆ. 'ಆ ಹುಡುಗ ಮೋಸಗಾರ ಅಲ್ವಾ, ಸಿಟ್ಟು ಬಂತು' ಅಂದಳು. ಒಂದು ಬಲೆ ಕಾನೂನು ಓದಿದವರಿಗೆ, ಇನ್ನೊಂದು ಓದದವರಿಗೆ. ಪ್ರಶ್ನೆ ಬರೆದವರು ಘಾಟಿಗಳು.

ಅವಳ ಕೋಚಿಂಗ್‌ನ ಮೇಷ್ಟ್ರು ಸೆಕ್ಷನ್ ನಂಬರ್‌ಗಳನ್ನು ಬಾಯಿಪಾಠ ಮಾಡಿಸುತ್ತಿದ್ದಾರೆ. ನನಗೆ ಅದು ಶುದ್ಧ ದಂಡ ಅನ್ನಿಸುತ್ತದೆ. 2020ರಿಂದ ಪರೀಕ್ಷೆ ಪೂರ್ತಿ ಪ್ಯಾಸೇಜ್ ಮೇಲೆ ನಡೆಯುತ್ತಿದೆ. ಮೊದಲೇ ಕಾನೂನು ಗೊತ್ತಿರಬೇಕಾಗಿಲ್ಲ, ಕೊಟ್ಟ ನಿಯಮವನ್ನು ಕೊಟ್ಟ ಸಂಗತಿಗೆ ಹಚ್ಚಿದರೆ ಸಾಕು. ಬಾಯಿಪಾಠ ಜಾಸ್ತಿಯಾದಷ್ಟೂ ನನ್ನ ಹಾಗೆ ಬೀಳುವ ಸಾಧ್ಯತೆಯೂ ಜಾಸ್ತಿ.

ಲಾಜಿಕಲ್ ರೀಸನಿಂಗ್‌ನಲ್ಲೂ ಅದೇ ಕಥೆ. ಹೆಲ್ಮೆಟ್ ದಂಡ ಏರಿಸಿದ ಮೇಲೆ ತಲೆಗೆ ಪೆಟ್ಟಾದವರ ಸಂಖ್ಯೆ ಇಳಿಯಿತು, ಆದ್ದರಿಂದ ದಂಡವೇ ಕೆಲಸ ಮಾಡಿತು ಅನ್ನುವ ವಾದ. ಇದರ ಹಿಂದೆ ಹೇಳದೇ ಒಪ್ಪಿಕೊಂಡಿರುವುದು ಯಾವುದು? ನಾನು 'ಹೆಲ್ಮೆಟ್ ಹಾಕುವುದು ಸವಾರನ ಕರ್ತವ್ಯ' ಅಂದೆ. ಒಳ್ಳೆಯ ಮಾತು ತಾನೇ! ಅವಳು ಅದನ್ನು ಉಲ್ಟಾ ಮಾಡಿದಳು. ಕರ್ತವ್ಯ ಅಲ್ಲ ಅಂತಲೇ ಇಟ್ಟುಕೊಳ್ಳಿ, ವಾದಕ್ಕೆ ಏನಾದರೂ ಆಯಿತಾ? ಇಲ್ಲ. ಈಗ 'ಆ ಅವಧಿಯಲ್ಲಿ ರಸ್ತೆಯಲ್ಲಿ ಬೈಕುಗಳ ಓಡಾಟ ತೀರಾ ಕಡಿಮೆಯಾಗಿರಲಿಲ್ಲ' ಅನ್ನುವುದನ್ನು ಉಲ್ಟಾ ಮಾಡಿ ನೋಡಿ. ಬೈಕೇ ಓಡದಿದ್ದರೆ ಪೆಟ್ಟು ಕಡಿಮೆಯಾಗಿದ್ದು ದಂಡದಿಂದ ಅಂತ ಹೇಗೆ ಹೇಳುವುದು? ವಾದ ಕುಸಿಯಿತು. ಯಾವುದನ್ನು ಉಲ್ಟಾ ಮಾಡಿದರೆ ವಾದ ಬೀಳುತ್ತದೋ ಅದೇ ಉತ್ತರ.

ಸೋಮವಾರ ಆಫೀಸಿನಲ್ಲಿ ಒಬ್ಬರು ಕ್ಲೈಂಟ್ ತಮ್ಮ ತಮ್ಮನ ಮೋಸವನ್ನು ಅರ್ಧ ಗಂಟೆ ಹೇಳಿದರು. ನನಗೂ ಸಿಟ್ಟು ಬಂತು. ಆಮೇಲೆ ಅವರೇ ಸಹಿ ಹಾಕಿದ್ದ ಪಾಲುಪಟ್ಟಿ ತೆಗೆದು ಓದಿದೆ. ಅವರು ಹೇಳಿದ ಷರತ್ತು ಅದರಲ್ಲಿರಲಿಲ್ಲ. 'ಎಲ್ಲಿದೆ ಸ್ವಾಮಿ ಇದರಲ್ಲಿ?' ಅಂತ ನನ್ನ ಬಾಯಿಂದಲೇ ಬಂತು. ಅವರ ಮುಖ ಸಪ್ಪಗಾಯಿತು. ಭಾನುವಾರ ನನ್ನ ಮುಖವೂ ಹಾಗೇ ಇದ್ದಿರಬೇಕು.

ಸಂಜೆ ಅಕ್ಕನ ಮನೆಗೆ ಹೋದೆ. ಆ ಪ್ಯಾಸೇಜ್‌ನ ಮುಂದಿನ ಪ್ರಶ್ನೆ ಬಾಕಿ ಇತ್ತು. ಹುಡುಗ ಕ್ಯಾಮೆರಾ ಮಾರುವ ಬದಲು ಅದನ್ನು ಕೊಟ್ಟು ಒಂದು ಲೆನ್ಸ್ ತಗೊಂಡಿದ್ದರೆ, ಅಂಗಡಿಯವನು ಲೆನ್ಸ್ ಕೇಳಬಹುದಾ?

'ಇಲ್ಲ' ಅಂದೆ.

ಅವಳು ಬಾಯಿ ತೆರೆಯುವ ಮೊದಲೇ, 'ಅದೇ ವಸ್ತು' ಅನ್ನುವ ಎರಡು ಪದಗಳ ಕೆಳಗೆ ಪೆನ್ಸಿಲ್‌ನಿಂದ ಗೆರೆ ಎಳೆದೆ.