ಎಂಟೇ ಮನೆಯ ಆನೆ

ಚದುರಂಗದ ಹಳೆಯ ನಿಯಮಗಳನ್ನು ಓದುತ್ತಿದ್ದೆ. ರಥ, ಆನೆ, ಕುದುರೆ, ಕಾಲಾಳು ಸೇರಿದ ಚತುರಂಗ ಸೇನೆಯೇ ಮಣೆಯ ಮೇಲೆ ಬಂದು ನಿಂತಿದ್ದು ನಮಗೆಲ್ಲ ಗೊತ್ತು. ಪಾಪ ಅನ್ನಿಸಿದ್ದು ಆನೆಯ ಗತಿ ನೋಡಿ.

ಪರ್ಷಿಯಾ, ಅರಬ್ ನಾಡುಗಳಿಗೆ ಹೋದ ಆಟದಲ್ಲಿ ಆನೆ ನಿಂತಿದ್ದು ಇವತ್ತಿನ ಒಂಟೆಯ ಜಾಗದಲ್ಲಿ. ಓರೆಯಾಗಿ ಸರಿಯಾಗಿ ಎರಡನೇ ಮನೆಗೆ ಮಾತ್ರ ನೆಗೆಯಬೇಕು, ನಡುವೆ ಯಾರಿದ್ದರೂ ದಾಟಬಹುದು. ಸಿ1ರಲ್ಲಿ ಇಟ್ಟು ನಡೆಸಿ ನೋಡಿ: ಎ3, ಇ3, ಜಿ1, ಸಿ5, ಜಿ5, ಎ7, ಇ7. ಅಷ್ಟೇ! ಹೊರಟ ಮನೆಯೂ ಸೇರಿ 64ರಲ್ಲಿ ಬರೀ ಎಂಟು. ನಾಲ್ಕು ಆನೆಗಳಿಗೂ ಬೇರೆ ಬೇರೆ ಎಂಟೆಂಟು ಮನೆ, ಹಾಗಾಗಿ ಆನೆಗೂ ಆನೆಗೂ ಯುದ್ಧವೇ ಇಲ್ಲ.

ರಥದ್ದು ಇದಕ್ಕೆ ತದ್ವಿರುದ್ಧ. ಹರ್ಷನ ಕಾಲಕ್ಕೆ, ಅಂದರೆ 7ನೇ ಶತಮಾನಕ್ಕೆ, ರಣರಂಗದಲ್ಲಿ ರಥ ಹೆಚ್ಚುಕಡಿಮೆ ಮೂಲೆ ಸೇರಿತ್ತು. ಸೇನೆಯ ಬಲವೆಲ್ಲ ಆನೆ, ಕುದುರೆಗಳದ್ದು. ಮಣೆಯ ಮೂಲೆಯ ರಥ ಮಾತ್ರ ನೇರ ಸಾಲುಗಳನ್ನು ಆಳುತ್ತಲೇ ಇತ್ತು. ನಮ್ಮವರು ಆಮೇಲೆ ಆ ಮೂಲೆಯ ಕಾಯಿಯನ್ನೇ ಆನೆ ಎಂದು ಕರೆದರು. ಒಳ್ಳೆಯದೇ ಮಾಡಿದರು ಬಿಡಿ!