ಐದರಲ್ಲಿ ಒಂದು ಬಾರದ ಬೆಳಿಗ್ಗೆ

ನಮ್ಮ ದಿನದ ವರದಿ ಬೆಳಿಗ್ಗೆ 6ಕ್ಕೆ ತಾನಾಗಿಯೇ ಹೊಸದಾಗುತ್ತದೆ. ಆರ್ಡರ್, ಪಾವತಿ, ದಾಸ್ತಾನು, ಡೆಲಿವರಿ, ವಾಪಸಾತಿ, ಹೀಗೆ ಐದು ಕಡೆಯಿಂದ ಹಿಂದಿನ ದಿನದ ಮಾಹಿತಿ ಬಂದು ಸೇರಬೇಕು. 8ಕ್ಕೆ ಖರೀದಿ ವಿಭಾಗದವರು ಅದನ್ನು ತೆರೆದು, ಯಾವ ಸರಕು ಎಷ್ಟು ತರಿಸಬೇಕೆಂದು ತೀರ್ಮಾನಿಸುತ್ತಾರೆ. ಆ ದಿನ 6.10ಕ್ಕೆ ಮೊಬೈಲ್ ಸದ್ದು ಮಾಡಿತು. ನಾಲ್ಕು ಬಂದಿದ್ದವು. ವಾಪಸಾತಿಯ ಮುಂದೆ ಮಾತ್ರ `503 Service Unavailable` ಎಂದಿತ್ತು.

ಹತ್ತು ಹತ್ತು ನಿಮಿಷ ಬಿಟ್ಟು ಮೂರು ಸಲ ಕೇಳಿ ನೋಡಿದೆ. ಉತ್ತರ ಬದಲಾಗಲಿಲ್ಲ. ಗಂಟೆ 6.40.

ಹೊಸ ವರದಿಯನ್ನು ತಡೆಹಿಡಿದು ನಿನ್ನೆಯದನ್ನೇ ಹಾಗೇ ಬಿಟ್ಟುಬಿಡುವುದು ಎಲ್ಲಕ್ಕಿಂತ ಸುಲಭವಾಗಿತ್ತು. ಹಳೆಯದಾದರೂ ಅದರ ಐದೂ ಭಾಗಗಳು ಒಂದಕ್ಕೊಂದು ತಾಳೆಯಾಗುತ್ತವೆ. ಆದರೆ ಅಂದು ಬಂದ ದಾಸ್ತಾನಿನಲ್ಲಿ ಮೂರು ಸರಕುಗಳು ರಾತ್ರಿಯಷ್ಟರಲ್ಲಿ ಪೂರ್ತಿ ಖಾಲಿಯಾಗಿದ್ದವು. ಅದನ್ನು ಖರೀದಿಯವರಿಂದ ಮುಚ್ಚಿಟ್ಟಂತಾಗುತ್ತಿತ್ತು.

ಹಾಗಾದರೆ ನಾಲ್ಕನ್ನೇ ಪ್ರಕಟಿಸೋಣವೆಂದು ಪ್ರಾಯೋಗಿಕ ಪ್ರತಿಯನ್ನು ತೆರೆದೆ. ಎಲ್ಲಿಯೂ ದೋಷದ ಸೂಚನೆಯಿಲ್ಲ, ಒಂದು ಕಾಲಂ ಕೂಡ ಖಾಲಿಯಿಲ್ಲ. ಆರ್ಡರ್ ಆದದ್ದು 1,200, ನಿವ್ವಳ ಮಾರಾಟವೂ 1,200. ದಿನಕ್ಕೆ ಸುಮಾರು 90 ವಾಪಸಾಗುವಲ್ಲಿ ಒಂದೂ ಇಲ್ಲ! ಕಾರಣ ಈ ಸಾಲು:

```sql
ordered_qty - COALESCE(returned_qty, 0) AS net_qty
```

ವಾಪಸಾತಿಯ ದಾಖಲೆ ಇಲ್ಲದಿದ್ದರೆ ಸೊನ್ನೆ ಎಂದುಕೊಳ್ಳಿ ಎನ್ನುತ್ತದೆ ಇದು. ಉಳಿದ ದಿನಗಳಲ್ಲಿ ಅದು ಸರಿ, ಏಕೆಂದರೆ ಹೆಚ್ಚಿನ ಸರಕುಗಳಿಗೆ ವಾಪಸಾತಿ ಇರುವುದೇ ಇಲ್ಲ. ಆದರೆ ‘ಯಾರೂ ವಾಪಸು ಮಾಡಲಿಲ್ಲ’ ಎಂಬುದಕ್ಕೂ ‘ನಮಗೆ ಗೊತ್ತಾಗಲಿಲ್ಲ’ ಎಂಬುದಕ್ಕೂ ಅದು ಒಂದೇ ಸೊನ್ನೆ ಬರೆಯುತ್ತದೆ. ಕೂಡಿಸುವ ಮೂಲ ಕೈಕೊಟ್ಟರೆ ಮೊತ್ತ ಕುಸಿದು, ನೋಡಿದವರು ಗಾಬರಿಯಿಂದ ಕೇಳುತ್ತಾರೆ. ಕಳೆಯುವ ಮೂಲ ಕೈಕೊಟ್ಟರೆ ಮೊತ್ತ ಏರುತ್ತದೆ, ಯಾರೂ ಕೇಳುವುದಿಲ್ಲ. ಈ ಸಾಲನ್ನು ಬರೆದವನು ನಾನೇ ಎಂಬುದನ್ನೂ ಹೇಳಿಬಿಡುತ್ತೇನೆ.

ವಾಪಸಾತಿಯ ಜಾಗದಲ್ಲಿ ಎಂದಿನ 90ನ್ನೇ ಇಟ್ಟರೆ? ಒಟ್ಟು ಲೆಕ್ಕಕ್ಕೆ ಅದು ಹತ್ತಿರ ಹತ್ತಿರ ಸರಿಹೋಗಬಹುದು. ಆದರೆ ಖರೀದಿಯವರು ನೋಡುವುದು ಒಂದೊಂದು ಸರಕನ್ನು. ಆ ವಾರ ಒಂದು ಬಗೆಯ ಜೋಡು ಅಳತೆ ತಪ್ಪಿ ಬಂದಿತ್ತು. ಹಿಂದಿನ ದಿನ ಅದಕ್ಕೆ 60 ಆರ್ಡರ್, ಆಮೇಲೆ ತಿಳಿದಂತೆ 22 ವಾಪಸು. ಸರಾಸರಿಯಲ್ಲಿ ಆ 22 ಕರಗಿಹೋಗಿ, ಜನ ತಿರಸ್ಕರಿಸುತ್ತಿರುವ ಜೋಡನ್ನೇ ನಾವು ಇನ್ನಷ್ಟು ತರಿಸುತ್ತಿದ್ದೆವು.

ಕೊನೆಗೆ ವರದಿಯನ್ನು ಇಡಿಯಾಗಿ ನೋಡುವುದನ್ನು ಬಿಟ್ಟು, ಒಂದೊಂದು ಅಂಕಿಯೂ ವಾಪಸಾತಿಯನ್ನು ಮುಟ್ಟುತ್ತದೆಯೇ ಎಂದು ಪರಿಶೀಲಿಸುತ್ತ ಹೋದೆ. ಆರ್ಡರ್, ಪಾವತಿ, ಡೆಲಿವರಿ ಮುಟ್ಟುವುದಿಲ್ಲ. ದಾಸ್ತಾನು ಮುಟ್ಟಬಹುದೆಂದುಕೊಂಡಿದ್ದೆ, ಆದರೆ ಅದು ಗೋದಾಮಿನ ಎಣಿಕೆಯಿಂದಲೇ ಬರುವಂಥದ್ದು. ಇವಿಷ್ಟನ್ನೂ ಪ್ರಕಟಿಸಿದೆ. ನಿವ್ವಳ ಮಾರಾಟವನ್ನು ಖಾಲಿ ಬಿಟ್ಟು, ‘ವಾಪಸಾತಿ ಮಾಹಿತಿ ಬಂದಿಲ್ಲ’ ಎಂದು ಅದೇ ಕಾಲಂನ ಒಳಗೆ ಬರೆದೆ. ಪುಟದ ತುದಿಯ ಟಿಪ್ಪಣಿಯನ್ನು ಯಾರೂ ಓದುವುದಿಲ್ಲ. ತರಿಸಬೇಕಾದ ಸರಕಿನ ಪಟ್ಟಿ ನಿವ್ವಳದಿಂದಲೇ ಹುಟ್ಟುವುದರಿಂದ ಹಿಂದಿನ ದಿನದ್ದನ್ನೇ ಉಳಿಸಿ, ಅದರ ತಾರೀಖನ್ನು ದಪ್ಪ ಅಕ್ಷರದಲ್ಲಿ ಹಾಕಿದೆ.

8.05ಕ್ಕೆ ಖರೀದಿ ವಿಭಾಗದ ಮುಖ್ಯಸ್ಥೆಯ ಕರೆ ಬಂತು. “ಅಂದಾಜಾದರೂ ಕೊಡಬಾರದಿತ್ತೇ?”

“ಕೊಟ್ಟರೆ ನೀವು ಅದರ ಮೇಲೆ ಸರಕು ತರಿಸುತ್ತೀರಿ, ಮೇಡಂ.”

ಒಂದು ಕ್ಷಣ ಮೌನ. “ಸರಿ. ಖಾಲಿಯಾದ ಮೂರನ್ನು ಈಗ ತರಿಸುತ್ತೇನೆ, ಉಳಿದದ್ದು ಮಧ್ಯಾಹ್ನಕ್ಕಿರಲಿ.”

11ಕ್ಕೆ ವಾಪಸಾತಿಯ ಸರ್ವರ್ ಎದ್ದಿತು. ನಿರಾಳವಾಗಿ ಮತ್ತೆ ಓಡಿಸಿದೆ. ಬಂದದ್ದು 7 ದಾಖಲೆ. 503 ಇಲ್ಲ, ಕೆಂಪು ಗುರುತಿಲ್ಲ, ‘ಯಶಸ್ವಿ’ ಎಂದೇ ಇತ್ತು. ಎಂದಿನ 90 ತಲೆಯಲ್ಲಿ ಇಲ್ಲದಿದ್ದರೆ ಒಪ್ಪಿಬಿಡುತ್ತಿದ್ದೆ.

ಹುಡುಕಿದಾಗ ಸಿಕ್ಕಿದ್ದು ಇದು: ‘ಕಳೆದ ಸಲ ಎಲ್ಲಿಯವರೆಗೆ ತಂದೆವು’ ಎಂಬ ಸಮಯದ ಗುರುತನ್ನು ಐದಕ್ಕೂ ಸೇರಿಸಿ ಒಂದೇ ಕಡೆ ಇಟ್ಟಿದ್ದೆವು. ನಾಲ್ಕನ್ನು ಪ್ರಕಟಿಸಿದ ಕೂಡಲೇ ಆ ಗುರುತು ಅಂದಿನ ಬೆಳಿಗ್ಗೆಗೆ ಸರಿದಿತ್ತು. ಹಾಗಾಗಿ ವಾಪಸಾತಿಯಿಂದ ಬೆಳಗಿನಿಂದೀಚೆಯ 7 ಮಾತ್ರ ಬಂದವು, ಹಿಂದಿನ ಇಡೀ ದಿನ ಹಾರಿಹೋಯಿತು. ಗುರುತನ್ನು ಕೈಯಾರೆ ಹಿಂದಿನ ದಿನದ 6ಕ್ಕೆ ತಂದು ಮತ್ತೆ ಓಡಿಸಿದೆ. ಈ ಸಲ 101 ಬಂದವು: ಹಿಂದಿನ ದಿನದ 94, ಮತ್ತೆ ಅದೇ 7. ವಾಪಸಾತಿ ಸಂಖ್ಯೆ ನೋಡಿ ಉಳಿಸುವುದರಿಂದ ಆ ಏಳು ಎರಡೆರಡಾಗಲಿಲ್ಲ.

ಮಧ್ಯಾಹ್ನ 12.20ಕ್ಕೆ ನಿವ್ವಳದ ಕಾಲಂ ತುಂಬಿತು: 1,106. ಜೋಡಿನ ಸಾಲಿನಲ್ಲಿ 38. ಸಂಜೆ ಐದು ಮೂಲಗಳಿಗೆ ಐದು ಗುರುತು ಮಾಡಿ, ಆ `COALESCE`ಗೆ ಮೊದಲು ಮೂಲ ಬಂದಿದೆಯೇ ಎಂಬ ಪರೀಕ್ಷೆ ಸೇರಿಸಿ ಮನೆಗೆ ಹೋದೆ.