ನೆರಳು ಚಿಕ್ಕದಾಗುವುದು 12 ಗಂಟೆಗಲ್ಲ

"ಶಿಕ್ಷಕರ ದಿನಕ್ಕೆ ನಿಮ್ಮ ಹಳೆಯ ವಿದ್ಯಾರ್ಥಿನಿ ಕಳಿಸಿದ ಮೆಸೇಜ್ ಓದಿದ್ವಿ ಮೇಡಂ. ಕೋಲು ನೆಟ್ಟ ಒಂದು ಪಾಠ ಇಷ್ಟು ವರ್ಷ ನೆನಪಿರೋ ಹಾಗೆ ಏನು ಮಾಡಿದ್ರಿ?"

ವಿಶೇಷವಾಗಿ ಏನೂ ಮಾಡಲಿಲ್ಲ. ಎಲ್ಲರೂ ನನ್ನ ಬಗ್ಗೆ ಕೇಳುತ್ತಾರೆ, ಪಾಠದ ಬಗ್ಗೆ ಒಬ್ಬರೂ ಕೇಳುವುದಿಲ್ಲ. ನನಗೆ ಬೇಜಾರಾಗುವುದು ಇದಕ್ಕೇ. ಅವಳು ಬರೆದದ್ದನ್ನೇ ನೋಡಿ: "ಈಗ ಗುವಾಹಟಿಯಲ್ಲಿದ್ದೀನಿ ಮೇಡಂ. ಇಲ್ಲಿ ಹನ್ನೊಂದೂವರೆಗೂ ಮುಂಚೆಯೇ ನೆರಳು ಚಿಕ್ಕದಾಗುತ್ತೆ. ಯಾಕೆ ಅಂತ ನಾನೇ ಲೆಕ್ಕ ಹಾಕಿದೆ." ಹೊಗಳಿಕೆ ಇಲ್ಲ, ಲೆಕ್ಕ ಇದೆ. ನನಗೆ ಖುಷಿಯಾದದ್ದೂ ಆ ಲೆಕ್ಕಕ್ಕೇ.

"ಆ ದಿನ ನೆರಳನ್ನು ಹೇಗೆ ಅಳೆದಿರಿ?" ಅಂತ ಯಾರಾದರೂ ಕೇಳಬಾರದೇ? ಕೇಳದಿದ್ದರೂ ಹೇಳುತ್ತೇನೆ.

ಧಾರವಾಡ, ಡಿಸೆಂಬರ್ ಕೊನೆಯ ವಾರ. 12 ಗಂಟೆಗೆ ಸೂರ್ಯ ಅತಿ ಎತ್ತರದಲ್ಲಿರುತ್ತಾನೆ ಅಂತ ಇಡೀ ತರಗತಿ ನಂಬಿತ್ತು. ಬಯಲಲ್ಲಿ ಒಂದು ಮೀಟರ್ ಕೋಲು ನೆಟ್ಟೆವು. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಕೋಲು ನೇರ ಇದೆಯಾ ಅಂತ ಎರಡು ಕಡೆಯಿಂದ ನೋಡಿದೆವು. ಸ್ವಲ್ಪ ವಾಲಿದರೂ ಉತ್ತರ ಕೆಡುತ್ತದೆ.

ಅತಿ ಚಿಕ್ಕ ನೆರಳು ಯಾವಾಗ ಅಂತ ಸುಮ್ನೆ ಕಾದು ನೋಡಿದರೆ ಸಿಗುವುದಿಲ್ಲ. ನಡುಹಗಲಿಗೆ ಹತ್ತು ನಿಮಿಷ ಆಚೀಚೆ ಆದರೂ ಅಷ್ಟುದ್ದದ ಕೋಲಿನ ನೆರಳು ಬದಲಾಗುವುದು ಸುಮಾರು 2 ಮಿಲಿಮೀಟರ್. ನೆರಳಿನ ತುದಿಯೇ ಅದಕ್ಕಿಂತ ಜಾಸ್ತಿ ಮಸುಕಾಗಿರುತ್ತದೆ. ಹಾಗಾಗಿ ಕೋಲನ್ನೇ ನಡುವಿಟ್ಟುಕೊಂಡು ಒಂದು ಮೀಟರ್ ದಾರದಿಂದ ವೃತ್ತ ಎಳೆದೆವು. ಬೆಳಿಗ್ಗೆ ನೆರಳಿನ ತುದಿ ವೃತ್ತದ ಆಚೆಯಿಂದ ಒಳಕ್ಕೆ ಬರುತ್ತದೆ, ಮಧ್ಯಾಹ್ನ ಹೊರಕ್ಕೆ ಹೋಗುತ್ತದೆ. ಆಗ ತುದಿ ಚುರುಕಾಗಿ ಸರಿಯುತ್ತಿರುತ್ತದೆ, ಗೆರೆ ಮುಟ್ಟಿದ ಹೊತ್ತು ಗುರುತಿಸುವುದು ಸುಲಭ. ಒಳಕ್ಕೆ ಬಂದದ್ದು 10:57ಕ್ಕೆ, ಹೊರಕ್ಕೆ ಹೋದದ್ದು 2:03ಕ್ಕೆ. ಎರಡರ ಸರಿ ಮಧ್ಯದ ಹೊತ್ತು 12:30, ನೆರಳು ಅತಿ ಚಿಕ್ಕದಾಗಿದ್ದು ಆಗಲೇ.

"ಗಡಿಯಾರ ತಪ್ಪಾ?" ಅಂತ ಕೇಳಿದವಳು ಇದೇ ಹುಡುಗಿ. ಗಡಿಯಾರ ಸರಿಯಾಗೇ ಇತ್ತು. ನಮ್ಮ ದೇಶದ ಸಮಯ 82½ ಡಿಗ್ರಿ ಪೂರ್ವ ರೇಖಾಂಶದ್ದು, ಮಿರ್ಜಾಪುರದ ಹತ್ತಿರ ಹಾಯುವ ಗೆರೆ. ಧಾರವಾಡ ಇರುವುದು 75 ಡಿಗ್ರಿಯಲ್ಲಿ. ಪಶ್ಚಿಮಕ್ಕೆ ಹೋದಂತೆ ಒಂದು ಡಿಗ್ರಿಗೆ 4 ನಿಮಿಷ ತಡ, ಏಳೂವರೆ ಡಿಗ್ರಿಗೆ 30 ನಿಮಿಷ. ಬಯಲಲ್ಲಿ ಸಿಕ್ಕ ಅರ್ಧ ಗಂಟೆ ಭೂಪಟದಲ್ಲೂ ಸಿಕ್ಕಿತು. ಗುವಾಹಟಿ ಆ ಗೆರೆಗಿಂತ ಪೂರ್ವಕ್ಕೆ ಒಂಬತ್ತು ಡಿಗ್ರಿ ಚಿಲ್ಲರೆ ದೂರ, ಅಲ್ವಾ? ಅಲ್ಲಿ 12 ಗಂಟೆಗಿಂತ ಸುಮಾರು 37 ನಿಮಿಷ ಮುಂಚೆ. ಅವಳು ಹಾಕಿದ ಲೆಕ್ಕ ಇದೇ.

ನೀವೂ ಮಾಡುವುದಾದರೆ ತಿಂಗಳು ನೋಡಿಕೊಳ್ಳಿ. ಭೂಮಿಯ ದಾರಿ ಪೂರ್ತಿ ದುಂಡಗಿಲ್ಲ, ಅದರ ಅಕ್ಷವೂ ವಾಲಿದೆ. ಅದಕ್ಕೇ ಅದೇ ಧಾರವಾಡದಲ್ಲಿ ಅತಿ ಚಿಕ್ಕ ನೆರಳು ನವೆಂಬರ್ ಮೊದಲ ವಾರ 12:14ರ ಸುಮಾರಿಗೆ, ಫೆಬ್ರವರಿ ಮಧ್ಯದಲ್ಲಿ 12:44ರ ಸುಮಾರಿಗೆ ಬರುತ್ತದೆ. ಬೇರೆ ಹೊತ್ತು ಬಂತು ಅಂತ ಕೋಲು ಕಿತ್ತು ಹಾಕಬೇಡಿ.